ರೆಪ್ಪೆಗೂದಲ ಬುಡದ ನುಸಿ

ಬೆಳಗ್ಗೆ ಎದ್ದಾಗ ರೆಪ್ಪೆಗಳು ಅಂಟಿಕೊಂಡಿರುತ್ತವೆ. ಅಂಚು ಕೆಂಪಾಗಿ ಉರಿಯುತ್ತದೆ, ಕಣ್ಣಿಗೆ ಮರಳು ಬಿದ್ದಂತೆ ಚುಚ್ಚುತ್ತದೆ, ಕೂದಲುಗಳ ನಡುವೆ ಗೀಜು ಒಣಗಿ ಹೊಪ್ಪಳಿಕೆ ಕಟ್ಟಿರುತ್ತದೆ. ಔಷಧಿ ಅಂಗಡಿಯ ಹನಿ ಹಾಕಿದರೆ ಒಂದೆರಡು ವಾರ ತಣ್ಣಗಾಗಿ ಮತ್ತೆ ಮರುಕಳಿಸುತ್ತದೆ. ರೆಪ್ಪೆಯಂಚಿನ ಈ ಉರಿಯೂತಕ್ಕೆ ವೈದ್ಯರು ಬ್ಲೆಫರೈಟಿಸ್ ಎನ್ನುತ್ತಾರೆ.

ಇದಕ್ಕೆ ಕಾರಣ ಒಂದೇ ಅಲ್ಲ. ಚರ್ಮದ ಬ್ಯಾಕ್ಟೀರಿಯಾ, ತಲೆಹೊಟ್ಟಿನ ಜೊತೆಗೆ ಬರುವ ಚರ್ಮದ ತೊಂದರೆ, ರೆಪ್ಪೆಯೊಳಗಿನ ಎಣ್ಣೆ ಗ್ರಂಥಿಗಳು ಕಟ್ಟಿಕೊಳ್ಳುವುದು, ಇವೆಲ್ಲ ಒಂದರೊಡನೊಂದು ಬೆರೆತಿರುತ್ತವೆ. ಬಹುಕಾಲ ಗಮನಕ್ಕೆ ಬಾರದೆ ಉಳಿದ ಇನ್ನೊಂದು ಕಾರಣ ಡೆಮೊಡೆಕ್ಸ್ ಎಂಬ ನುಸಿ.

1840ರ ದಶಕದಲ್ಲೇ ಜರ್ಮನ್ ವೈದ್ಯರು ಇದನ್ನು ಮನುಷ್ಯರ ಚರ್ಮದಲ್ಲಿ ಕಂಡು ವಿವರಿಸಿದ್ದರು. ಉದ್ದ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು, ಕಾಲು ಎಂಟು. ಮನುಷ್ಯರ ಮೇಲೆ ಇದರ ಎರಡು ಜಾತಿಗಳಿವೆ. ಡೆಮೊಡೆಕ್ಸ್ ಫಾಲಿಕ್ಯುಲೋರಮ್ ರೆಪ್ಪೆಗೂದಲಿನ ಗೂಡಿನಲ್ಲಿ ತಲೆಕೆಳಗಾಗಿ ಹುದುಗಿರುತ್ತದೆ. ಅದಕ್ಕಿಂತ ಗಿಡ್ಡದಾದ ಡೆಮೊಡೆಕ್ಸ್ ಬ್ರೆವಿಸ್ ಎಣ್ಣೆ ಗ್ರಂಥಿಗಳ ಆಳಕ್ಕೆ ಇಳಿಯುತ್ತದೆ. ಬೆಳಕು ಕಂಡರೆ ಆಗದ ಈ ಜೀವಿಗಳು ರಾತ್ರಿ ಮೇಲೆ ಬಂದು ಕೂಡುತ್ತವೆ. ಬದುಕು ಎರಡು-ಮೂರು ವಾರದ್ದು.

ಮೈಮೇಲೆ ನುಸಿ ಇದೆ ಎಂದು ಕೇಳಿ ಯಾರೂ ನಾಚಬೇಕಿಲ್ಲ. ವಯಸ್ಸಾದಂತೆ ಇವು ಹೆಚ್ಚುತ್ತವೆ. ಹಿರಿಯರಲ್ಲಿ ಬಹುಪಾಲು ಎಲ್ಲರ ಚರ್ಮದಲ್ಲೂ ಇರುತ್ತವೆ, ಹೆಚ್ಚಿನವರಿಗೆ ತೊಂದರೆಯನ್ನೇನೂ ಕೊಡುವುದಿಲ್ಲ. ಸಂಖ್ಯೆ ಮಿತಿಮೀರಿದಾಗ ಮಾತ್ರ ಅವುಗಳ ಉಗುರು ಗೀರಿದ ಚರ್ಮ, ಮೊಟ್ಟೆ, ತ್ಯಾಜ್ಯ ಎಲ್ಲವೂ ಕೂದಲ ಬುಡದಲ್ಲಿ ಸೇರಿ ಉರಿಯೂತ ಎಬ್ಬಿಸುತ್ತವೆ.

ಅರವತ್ತು ದಾಟಿದ ಒಬ್ಬ ನಿವೃತ್ತ ಮೇಷ್ಟ್ರನ್ನು ಊಹಿಸಿಕೊಳ್ಳಿ. ಒಂದು ವರ್ಷದಿಂದ ರೆಪ್ಪೆಯಲ್ಲಿ ತುರಿಕೆ, ಬೆಳಗಿನ ಹೊತ್ತು ಹೆಚ್ಚು. ನೇರ ನೋಟದಲ್ಲಿ ಕಣ್ಣು ಸ್ವಲ್ಪ ಕೆಂಪಾಗಿದೆ ಎನ್ನಿಸುತ್ತದೆ, ಅಷ್ಟೆ. ಆದರೆ ಸ್ಲಿಟ್ ಲ್ಯಾಂಪಿನ ಮುಂದೆ ಕೂರಿಸಿ "ಕೆಳಗೆ ನೋಡಿ ಸರ್" ಎಂದಾಗ ಮೇಲ್ರೆಪ್ಪೆಯ ಕೂದಲುಗಳ ಬುಡ ಪೂರ್ತಿ ತೆರೆದುಕೊಳ್ಳುತ್ತದೆ. ಅಲ್ಲಿ ಪ್ರತಿ ಕೂದಲನ್ನೂ ಪಾರದರ್ಶಕ ಮೇಣದಂಥ ಪಟ್ಟಿಯೊಂದು ಕಾಲುಚೀಲದ ಹಾಗೆ ಸುತ್ತಿಕೊಂಡಿದೆ. ನುಸಿ ಹೆಚ್ಚಾಗಿದೆ ಎನ್ನಲು ಇದಕ್ಕಿಂತ ಖಚಿತವಾದ ಗುರುತು ಬೇಕಿಲ್ಲ. ಕೂದಲಿನ ಉದ್ದಕ್ಕೂ ಚದುರಿ ಅಂಟಿರುವ ಜಿಡ್ಡಿನ ಹೊಟ್ಟು ಬೇರೆಯ ಬಗೆಯದು. ಕೆಳಗೆ ನೋಡಿಸದೆ ಪರೀಕ್ಷೆ ಮುಗಿಸಿದರೆ ಈ ಗುರುತು ಸುಲಭವಾಗಿ ತಪ್ಪಿಹೋಗುತ್ತದೆ.

ಮೇಷ್ಟ್ರಿಗೆ ಮೊದಲು ಹೇಳುವುದು ದಿನನಿತ್ಯದ ಶುಚಿಯ ಕ್ರಮ. ಅದು ಶಾಖದಿಂದ ಶುರುವಾಗಬೇಕು, ಏಕೆಂದರೆ ಗಟ್ಟಿಯಾದ ಎಣ್ಣೆಯೂ ಹೊಪ್ಪಳಿಕೆಯೂ ಬಿಸಿಗೆ ಮೆತ್ತಗಾಗುತ್ತವೆ. ಶುಭ್ರವಾದ ಬಟ್ಟೆಯನ್ನು ಮುಂಗೈಗೆ ಹಿತವೆನಿಸುವಷ್ಟು ಬಿಸಿಯಾದ ನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ ಐದರಿಂದ ಹತ್ತು ನಿಮಿಷ ಇಡಬೇಕು. ಬಟ್ಟೆ ಬೇಗ ಆರುವುದರಿಂದ ನಡುನಡುವೆ ಮತ್ತೆ ಅದ್ದಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಆಮೇಲೆ ಬೆರಳ ತುದಿಯಿಂದ ಮೇಲ್ರೆಪ್ಪೆಯನ್ನು ಕೆಳಕ್ಕೆ, ಕೆಳರೆಪ್ಪೆಯನ್ನು ಮೇಲಕ್ಕೆ, ಅಂದರೆ ಕೂದಲಿನ ಕಡೆಗೆ, ಹಗುರವಾಗಿ ನೀವಬೇಕು. ಕೊನೆಗೆ ರೆಪ್ಪೆ ಒರೆಸಲೆಂದೇ ಸಿಗುವ ವೈಪ್‌ನಿಂದ, ಇಲ್ಲವೇ ಕುದಿಸಿ ಆರಿಸಿದ ನೀರಿಗೆ ಕೆಲವು ಹನಿ ಬೇಬಿ ಶಾಂಪೂ ಬೆರೆಸಿ ಹತ್ತಿಯಿಂದ, ಕೂದಲ ಬುಡವನ್ನು ಅಡ್ಡಡ್ಡವಾಗಿ ಒರೆಸಿ ತೊಳೆಯಬೇಕು. ಕೂದಲ ತುದಿ ಒರೆಸಿ ಪ್ರಯೋಜನವಿಲ್ಲ, ಕೊಳೆ ಇರುವುದು ಬುಡದಲ್ಲಿ. ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ. ಮೊದಲ ಕೆಲವು ವಾರ ದಿನಕ್ಕೆ ಎರಡು ಸಲ, ಹತೋಟಿಗೆ ಬಂದ ಮೇಲೆ ಒಂದು ಸಲ. ಈ ಅವಧಿಯಲ್ಲಿ ರೆಪ್ಪೆಯಂಚಿಗೆ ಕಾಡಿಗೆ ಬೇಡ, ಅದು ಗ್ರಂಥಿಗಳ ಬಾಯನ್ನೇ ಮುಚ್ಚುತ್ತದೆ.

ಈ ಕ್ರಮಕ್ಕೂ ಮಿತಿಯಿದೆ. ಬೇಬಿ ಶಾಂಪೂ ಹೊಪ್ಪಳಿಕೆ ತೆಗೆಯುತ್ತದೆ, ನುಸಿಯನ್ನು ಕೊಲ್ಲುವುದಿಲ್ಲ. ಟೀ ಟ್ರೀ ಎಣ್ಣೆಯಲ್ಲಿರುವ ಟರ್ಪಿನೆನ್-4-ಓಲ್ ಎಂಬ ಅಂಶಕ್ಕೆ ಆ ಶಕ್ತಿಯಿದೆ. ಹಾಗೆಂದು ಅಂಗಡಿಯ ಎಣ್ಣೆಯನ್ನು ನೇರವಾಗಿ ಹಚ್ಚಿದರೆ ಕಾರ್ನಿಯಾಗೆ ಗಾಯವಾದೀತು. ಕಣ್ಣಿಗೆಂದೇ ತಯಾರಾದ ವೈಪ್ ಅಥವಾ ಜೆಲ್ ಮಾತ್ರ ಬಳಸಬೇಕು, ಅದೂ ವೈದ್ಯರನ್ನು ಕೇಳಿ. ನುಸಿಯ ನರವ್ಯವಸ್ಥೆಯನ್ನೇ ಸ್ತಬ್ಧಗೊಳಿಸುವ ಲೊಟಿಲನರ್ ಹನಿಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕಿತು. ಅದನ್ನು ದಿನಕ್ಕೆ ಎರಡು ಬಾರಿಯಂತೆ ಆರು ವಾರ ಹಾಕುತ್ತಾರೆ. ಇಷ್ಟು ದೀರ್ಘ ಅವಧಿ ಬೇಕಾಗುವುದು ಮೊಟ್ಟೆಯೊಡೆದು ಬರುವ ಮುಂದಿನ ಪೀಳಿಗೆಯನ್ನೂ ತಡೆಯಬೇಕಾದ್ದರಿಂದ. ನುಸಿಯನ್ನು ನಿರ್ಮೂಲ ಮಾಡುವುದು ಚಿಕಿತ್ಸೆಯ ಗುರಿಯಲ್ಲ, ಸಂಖ್ಯೆ ತಗ್ಗಿ ಉರಿಯೂತ ಇಳಿದರೆ ಸಾಕು.

ಉರಿ ಬೇಗ ಇಳಿಯುತ್ತದೆಂದು ಸ್ಟಿರಾಯ್ಡ್ ಹನಿಯನ್ನು ತಾವೇ ತಂದು ತಿಂಗಳುಗಟ್ಟಲೆ ಹಾಕಿಕೊಂಡವರಲ್ಲಿ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಆಗಬಹುದು, ಪೊರೆಯೂ ಬರಬಹುದು. ನೋವು, ಬೆಳಕು ಸಹಿಸಲಾಗದಿರುವುದು, ದೃಷ್ಟಿ ಮಂಜಾಗುವುದು ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯಬಾರದು. ಒಂದೇ ರೆಪ್ಪೆಯಲ್ಲಿ ಮಾತ್ರ ಊತ ಉಳಿದು ಕೂದಲು ಉದುರುತ್ತಿದ್ದರೆ, ಅಥವಾ ಅದೇ ಜಾಗದಲ್ಲಿ ಗಂಟು ಮತ್ತೆಮತ್ತೆ ಏಳುತ್ತಿದ್ದರೆ, ವಯಸ್ಸಾದವರು ತಪ್ಪದೆ ಬಯಾಪ್ಸಿಯ ಬಗ್ಗೆ ಕೇಳಬೇಕು. ರೆಪ್ಪೆಯ ಎಣ್ಣೆ ಗ್ರಂಥಿಯ ಕ್ಯಾನ್ಸರ್ ಕೆಲವೊಮ್ಮೆ ವಾಸಿಯಾಗದ ಬ್ಲೆಫರೈಟಿಸ್‌ನಂತೆಯೇ ಕಾಣಿಸುತ್ತದೆ.