ಪಾಸ್‌ಬುಕ್‌ನಲ್ಲಿ ಕಾಣದ ಪಿಎಫ್

ಪೀಣ್ಯದ ಕಾರ್ಖಾನೆಯೊಂದರ ಕಾರ್ಮಿಕನಿಗೆ ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,000 ರೂಪಾಯಿ ಎಂದುಕೊಳ್ಳಿ. ಅದರ ಶೇ 12, ಅಂದರೆ 1,800 ರೂಪಾಯಿ ಅವನ ಸಂಬಳದಿಂದ ಪಿಎಫ್‌ಗೆ ಹೋಗುತ್ತದೆ. ಮಾಲೀಕರೂ ಅಷ್ಟೇ ಕೊಡಬೇಕು. ಆದರೆ ಅವರ ಪಾಲಿನಲ್ಲಿ 1,250 ಪಿಂಚಣಿ ನಿಧಿಗೆ ಸಂದು, 550 ಮಾತ್ರ ಪಿಎಫ್ ಖಾತೆ ಸೇರುತ್ತದೆ.

ಎರಡೂ ಪಾಲನ್ನು ಮುಂದಿನ ತಿಂಗಳ 15ರೊಳಗೆ ಕಟ್ಟುವುದು ಮಾಲೀಕರ ಹೊಣೆ. ಸಂಬಳದ ಚೀಟಿಯಲ್ಲಿ ಕಡಿತವಿದ್ದೂ ಪಾಸ್‌ಬುಕ್‌ನಲ್ಲಿ ಆ ತಿಂಗಳು ಖಾಲಿಯಿದ್ದರೆ ಅನುಮಾನಪಡಲೇಬೇಕು. ಹಿಡಿದುಕೊಂಡ ಹಣವನ್ನು ಕಟ್ಟದಿರುವುದು ಬರೀ ಸಾಲದ ಬಾಕಿಯಲ್ಲ, ನಂಬಿಕೆ ದ್ರೋಹದ ಅಪರಾಧ.

ಸಂಬಳದ ಚೀಟಿ, ಬ್ಯಾಂಕ್ ವಿವರಗಳೊಂದಿಗೆ EPFiGMS ಪೋರ್ಟಲ್‌ನಲ್ಲಿ ಅಥವಾ ಪ್ರಾದೇಶಿಕ ಪಿಎಫ್ ಕಚೇರಿಯಲ್ಲಿ ದೂರು ಕೊಡಬಹುದು. ಅಧಿಕಾರಿಗಳು ವಿಚಾರಣೆ ನಡೆಸಿ ಬಾಕಿ ನಿಗದಿಪಡಿಸುತ್ತಾರೆ. ಬಡ್ಡಿ, ದಂಡ ಸೇರಿಸುತ್ತಾರೆ. ಆಗಲೂ ಕಟ್ಟದಿದ್ದರೆ ಸಂಸ್ಥೆಯ ಬ್ಯಾಂಕ್ ಖಾತೆಯನ್ನೇ ಜಪ್ತಿ ಮಾಡಬಹುದು. ಕೆಲಸ ಬಿಡುವವರೆಗೆ ಕಾಯದೆ, ಪಾಸ್‌ಬುಕ್ಕನ್ನು ಈಗಲೇ ನೋಡಿಕೊಳ್ಳಿ.