ಜ್ವರ ಬಿಟ್ಟ ಮೇಲೂ ಹದಿನಾಲ್ಕು ದಿನ ಮಾತ್ರೆ ಏಕೆ?

ಮಂಗಳೂರಿಗೆ ಕಟ್ಟಡ ಕೆಲಸಕ್ಕೆಂದು ಬಂದ ಒಬ್ಬ ಯುವಕನನ್ನು ಊಹಿಸಿಕೊಳ್ಳಿ. ತೂಕ 60 ಕಿಲೊ, ಗಟ್ಟಿಮುಟ್ಟು ಆಳು. ಮೂರು ದಿನದಿಂದ ಅವನಿಗೆ ಜ್ವರ. ಮೊದಲು ನಡುಕ ಹತ್ತುತ್ತದೆ, ಎರಡು ಕಂಬಳಿ ಹೊದೆಸಿದರೂ ಹಲ್ಲು ಕಟಕಟಿಸುವುದು ನಿಲ್ಲುವುದಿಲ್ಲ. ಗಂಟೆಯೊಳಗೆ ಮೈ ಕಾದು ತಲೆ ಸಿಡಿಯುತ್ತದೆ. ಮತ್ತೆ ನಾಲ್ಕೈದು ಗಂಟೆ ಕಳೆದರೆ ಬೆವರು ಕಿತ್ತುಕೊಂಡು ಬಂದು, ಜ್ವರ ಇಳಿದು, ಅವನು ಸುಸ್ತಾಗಿ ಮಲಗುತ್ತಾನೆ. ರಕ್ತ ಪರೀಕ್ಷೆಯಲ್ಲಿ ವೈವ್ಯಾಕ್ಸ್ ಮಲೇರಿಯಾ ಎಂದು ಗೊತ್ತಾಗುತ್ತದೆ. ಆರೋಗ್ಯ ಕೇಂದ್ರದಲ್ಲಿ ಎರಡು ಬಗೆಯ ಮಾತ್ರೆ ಕೊಡುತ್ತಾರೆ: ಮೂರು ದಿನಕ್ಕೆ ಕ್ಲೋರೊಕ್ವಿನ್, ಹದಿನಾಲ್ಕು ದಿನಕ್ಕೆ ಪ್ರಿಮಾಕ್ವಿನ್. ಮೂರನೆಯ ದಿನಕ್ಕೆ ಜ್ವರ ಬಿಡುತ್ತದೆ, ಐದನೆಯ ದಿನ ಅವನು ಮತ್ತೆ ಕೆಲಸಕ್ಕೆ ಹೋಗುತ್ತಾನೆ. ಪ್ರಿಮಾಕ್ವಿನ್ ಪೊಟ್ಟಣ ಚೀಲದಲ್ಲೇ ಉಳಿಯುತ್ತದೆ. ಸುಮಾರು ಎರಡು ತಿಂಗಳ ಬಳಿಕ ಅದೇ ನಡುಕ, ಅದೇ ಕಾವು, ಅದೇ ಬೆವರು.

ಎರಡನೆಯ ಸಲದ ಈ ಜ್ವರಕ್ಕೆ ಹೊಸ ಸೊಳ್ಳೆ ಕಚ್ಚಿರಬೇಕೆಂದೇನೂ ಇಲ್ಲ. ಮೊದಲ ಸೊಳ್ಳೆ ಬಿಟ್ಟುಹೋದದ್ದೇ ಅವನ ಒಡಲಲ್ಲಿ ಇದ್ದಿರಬಹುದು.

ಮಲೇರಿಯಾ ಹರಡುವುದು ಹೆಣ್ಣು ಅನಾಫಿಲಿಸ್ ಸೊಳ್ಳೆ. ಮಂಗಳೂರಿನಂಥ ನಗರಗಳಲ್ಲಿ ಅದರ ಸ್ಟೀಫೆನ್ಸಿ ಎಂಬ ಜಾತಿ ಮುಚ್ಚಳವಿಲ್ಲದ ಟ್ಯಾಂಕು, ಬಾವಿ, ಕಟ್ಟಡ ಕೆಲಸಕ್ಕೆ ತುಂಬಿಟ್ಟ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಸೊಳ್ಳೆಯ ಜೊಲ್ಲಿನ ಜೊತೆ ಚರ್ಮದೊಳಗೆ ಇಳಿದ ಪರೋಪಜೀವಿಗಳಲ್ಲಿ ಕೆಲವು ರಕ್ತನಾಳ ಸೇರಿ, ಅಲ್ಲಿಂದ ಬಹುಬೇಗ ಯಕೃತ್ತನ್ನು ಹೊಗುತ್ತವೆ. ಅಲ್ಲಿ ಸುಮಾರು ಒಂದು ವಾರ ಒಂದೊಂದೂ ಸಾವಿರಾರು ಮರಿಗಳಾಗಿ ಒಡೆಯುತ್ತದೆ. ಈ ಅವಧಿಯಲ್ಲಿ ರೋಗಿಗೆ ಯಾವ ತೊಂದರೆಯೂ ಕಾಣಿಸುವುದಿಲ್ಲ, ರಕ್ತ ಪರೀಕ್ಷೆಯಲ್ಲೂ ಏನೂ ಸಿಗುವುದಿಲ್ಲ. ಮರಿಗಳು ಯಕೃತ್ತಿನಿಂದ ಹೊರಬಿದ್ದು ಕೆಂಪು ರಕ್ತಕಣಗಳನ್ನು ಹೊಕ್ಕ ಮೇಲೇ ಕಾಯಿಲೆ ಶುರು.

ಕೆಂಪುಕಣದ ಒಳಗೆ ಪರೋಪಜೀವಿ ಹಿಮೋಗ್ಲೋಬಿನ್ ತಿಂದು ಬೆಳೆದು, ಮತ್ತೆ ಒಡೆದು ಹತ್ತಿಪ್ಪತ್ತು ಮರಿಗಳಾಗುತ್ತದೆ. ಕಣ ಸಿಡಿದು ಮರಿಗಳೂ ಅವುಗಳ ಕಸವೂ ರಕ್ತಕ್ಕೆ ಬಿದ್ದಾಗ ದೇಹ ಪ್ರತಿಭಟಿಸುತ್ತದೆ. ಆ ಪ್ರತಿಭಟನೆಯೇ ನಡುಕ, ಜ್ವರ. ಇಟಲಿಯ ಕಮಿಲ್ಲೊ ಗಾಲ್ಜಿ 1880ರ ದಶಕದಲ್ಲೇ ಜ್ವರ ಏರುವ ಹೊತ್ತಿಗೂ ಕಣಗಳು ಸಿಡಿಯುವ ಹೊತ್ತಿಗೂ ತಾಳೆ ಹಾಕಿ ತೋರಿಸಿದ್ದ. ವೈವ್ಯಾಕ್ಸ್‌ನಲ್ಲಿ ಈ ಸುತ್ತು 48 ಗಂಟೆಯದು, ಹಾಗಾಗಿ ಜ್ವರ ದಿನ ಬಿಟ್ಟು ದಿನ ಬರಬೇಕು. ಮಲೇರಿಯೆ ಎಂಬ ಜಾತಿಯಲ್ಲಿ ಸುತ್ತು 72 ಗಂಟೆಯದು, ಅಲ್ಲಿ ಎರಡು ದಿನ ಬಿಡುವು ಕೊಟ್ಟು ಬರಬೇಕು. ವೈದ್ಯಕೀಯ ವಿದ್ಯಾರ್ಥಿಗಳು ಪರೀಕ್ಷೆಗೆ ಉರು ಹೊಡೆಯುವ ಮೊದಲ ಸಾಲೇ ಇದು.

ಆದರೆ ನಮ್ಮ ಯುವಕನಿಗೆ ಜ್ವರ ಬಂದದ್ದು ದಿನಾ. ಅದೂ ಸಹಜವೇ. ಮೊದಲ ಕೆಲವು ದಿನ ಪರೋಪಜೀವಿಗಳೆಲ್ಲ ಒಂದೇ ಹೆಜ್ಜೆಯಲ್ಲಿ ಬೆಳೆಯುತ್ತಿರುವುದಿಲ್ಲ. ಒಂದು ತಂಡ ಇಂದು ಸಿಡಿದರೆ ಇನ್ನೊಂದು ನಾಳೆ ಸಿಡಿಯುತ್ತದೆ. ಹೆಜ್ಜೆ ಕೂಡಿಬರಲು ಸಮಯ ಬೇಕು, ಅಷ್ಟರೊಳಗೆ ಹೆಚ್ಚಿನವರು ಔಷಧಿ ತೆಗೆದುಕೊಂಡಿರುತ್ತಾರೆ. ಆದ್ದರಿಂದ ಜ್ವರದ ಲೆಕ್ಕ ಹಿಡಿದು ಜಾತಿ ಹೇಳುವುದು ಅಪಾಯದ ಕೆಲಸ. ದಿನ ಬಿಟ್ಟು ದಿನ ಬರುತ್ತಿಲ್ಲ, ಇದು ಮಲೇರಿಯಾ ಅಲ್ಲ ಎಂದು ಸುಮ್ಮನಿರುವುದು ಅದಕ್ಕಿಂತ ಅಪಾಯ. ಯಾವ ಜಾತಿ ಎಂಬುದನ್ನು ರಕ್ತದ ಲೇಪನ ನೋಡಿಯೋ ಕಾರ್ಡ್ ಪರೀಕ್ಷೆಯಿಂದಲೋ ತಿಳಿಯಬೇಕು.

ಇನ್ನು ಮಾತ್ರೆಯ ವಿಚಾರ. ಕ್ಲೋರೊಕ್ವಿನ್ ಕೆಲಸ ಮಾಡುವುದು ಕೆಂಪುಕಣದ ಒಳಗಿರುವ ಪರೋಪಜೀವಿಯ ಮೇಲೆ. 60 ಕಿಲೊ ಆಳಿಗೆ 150 ಮಿಲಿಗ್ರಾಂ ಕ್ಲೋರೊಕ್ವಿನ್ ಇರುವ ಮಾತ್ರೆ ಮೊದಲ ದಿನ ನಾಲ್ಕು, ಎರಡನೆಯ ದಿನ ನಾಲ್ಕು, ಮೂರನೆಯ ದಿನ ಎರಡು. ವೈವ್ಯಾಕ್ಸ್ ಜ್ವರವನ್ನು ಅದು ಚೆನ್ನಾಗಿ ಇಳಿಸುತ್ತದೆ. ಯಕೃತ್ತಿಗೆ ಹೋದವುಗಳಲ್ಲಿ ಕೆಲವು ಮಾತ್ರ ಬೆಳೆಯದೆ ಅಲ್ಲೇ ನಿದ್ದೆಗೆ ಜಾರಿರುತ್ತವೆ, ಅವುಗಳನ್ನು ಕ್ಲೋರೊಕ್ವಿನ್ ಮುಟ್ಟುವುದೇ ಇಲ್ಲ. ಹಿಪ್ನೊಜೋಯಿಟ್ ಎಂದು ಕರೆಯುವ ಈ ನಿದ್ರಿತ ರೂಪ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಾಗೇ ಇದ್ದು ಎಚ್ಚರವಾಗುತ್ತದೆ. ಕ್ಲೋರೊಕ್ವಿನ್ ದೇಹದಲ್ಲಿ ಬಹಳ ದಿನ ಉಳಿಯುವುದರಿಂದ, ಬೇಗ ಎದ್ದವು ರಕ್ತಕ್ಕೆ ಬಂದೊಡನೆ ಸಾಯುತ್ತವೆ. ಅದರ ಪ್ರಮಾಣ ಇಳಿದ ಮೇಲೆ ಬಂದವು ಬದುಕುತ್ತವೆ. ಎರಡು ತಿಂಗಳ ನೆಮ್ಮದಿಯ ಬಳಿಕ ಜ್ವರ ಮರುಕಳಿಸುವುದು ಹೀಗೆ.

ನಿದ್ರಿತ ರೂಪವನ್ನು ಕೊಲ್ಲುವುದು ಪ್ರಿಮಾಕ್ವಿನ್. ದಿನಕ್ಕೆ ಕಿಲೊಗೆ 0.25 ಮಿಲಿಗ್ರಾಂ, ಎಂದರೆ ಈ ಯುವಕನಿಗೆ 15 ಮಿಲಿಗ್ರಾಂ, ಹದಿನಾಲ್ಕು ದಿನ. ಇಲ್ಲಿ ಲೆಕ್ಕಕ್ಕೆ ಬರುವುದು ಒಟ್ಟು ಸೇರಿದ ಪ್ರಮಾಣ. ನಾಲ್ಕು ದಿನ ನುಂಗಿ ಬಿಟ್ಟರೆ ಮೂರನೆಯ ಒಂದು ಭಾಗವೂ ಆಗಲಿಲ್ಲ. ಕಷ್ಟವೇನೆಂದರೆ ಹತ್ತು ದಿನ ಆ ಮಾತ್ರೆ ನುಂಗಬೇಕಾದವನು ಆರೋಗ್ಯವಾಗಿಯೇ ಓಡಾಡುತ್ತಿರುತ್ತಾನೆ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಹೊಟ್ಟೆ ಹಿಂಡುತ್ತದೆ, ಅದೇ ನೆಪವಾಗುತ್ತದೆ. ಊಟದ ಜೊತೆ ತೆಗೆದುಕೊಳ್ಳಿ ಎಂಬ ಒಂದು ಮಾತನ್ನು ಔಷಧಿ ಕೊಡುವವರು ಬಿಡಿಸಿ ಹೇಳಿದರೆ ಎಷ್ಟೋ ಪೊಟ್ಟಣಗಳು ಖಾಲಿಯಾಗುತ್ತವೆ ಎಂದು ನಾನು ನಂಬಿದ್ದೇನೆ. ಜ್ವರ ಇಲ್ಲದವನಿಗೆ ಅವನ ಯಕೃತ್ತಿನಲ್ಲಿ ಏನಿದೆ ಎಂದು ತಿಳಿಸದೆ ಮಾತ್ರೆ ಮುಗಿಸು ಎಂದರೆ ಅವನು ಯಾಕೆ ಮುಗಿಸಿಯಾನು?

ಫಾಲ್ಸಿಪಾರಂ ಜಾತಿಯ ಕತೆ ಬೇರೆ. ಅದಕ್ಕೆ ಯಕೃತ್ತಿನಲ್ಲಿ ನಿದ್ರಿತ ರೂಪವಿಲ್ಲ, ಆದರೆ ಕೊಲ್ಲುವ ಜಾತಿ ಹೆಚ್ಚಾಗಿ ಅದೇ. ವೈವ್ಯಾಕ್ಸ್ ಎಳೆಯ ಕೆಂಪುಕಣಗಳನ್ನೇ ಆರಿಸಿಕೊಂಡರೆ ಫಾಲ್ಸಿಪಾರಂಗೆ ಎಳೆಯದು, ಬಲಿತದ್ದು ಎಂಬ ಭೇದವಿಲ್ಲ. ಹಾಗಾಗಿ ರಕ್ತದಲ್ಲಿ ಅದು ಮಿತಿಯಿಲ್ಲದೆ ಏರಬಲ್ಲದು. ಅದು ಹೊಕ್ಕ ಕಣಗಳು ಮಿದುಳು, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಎಳೆಯ ಉಂಗುರಗಳೋ ಬಾಳೆಹಣ್ಣಿನಂತೆ ಬಾಗಿದ ಲಿಂಗರೂಪಗಳೋ ಮಾತ್ರ ಕಾಣುವುದು ಅದಕ್ಕೇ. ನಡುವಿನವು ಒಳಗೆ ಅಂಟಿ ಕೂತಿರುತ್ತವೆ. ಕ್ಲೋರೊಕ್ವಿನ್‌ಗೆ ಇದು ಬಗ್ಗದಂತಾಗಿ ಬಹಳ ಕಾಲವಾಯಿತು. ನಮ್ಮ ರಾಷ್ಟ್ರೀಯ ಚಿಕಿತ್ಸಾ ಕ್ರಮದಲ್ಲಿ ಇದಕ್ಕೆ ಆರ್ಟಿಸುನೇಟ್‌ನಂಥ ಔಷಧಿಯನ್ನು ಇನ್ನೊಂದರ ಜೊತೆ ಸೇರಿಸಿ ಮೂರು ದಿನ ಕೊಡುತ್ತಾರೆ. ಆರ್ಟಿಸುನೇಟ್ ಬೇಗ ಬೇಗ ಕೊಂದು ದೇಹದಿಂದ ಹೊರಟುಹೋಗುತ್ತದೆ, ಜೊತೆಗಿರುವುದು ನಿಧಾನವಾಗಿ ಇದ್ದು ಉಳಿದವನ್ನು ಮುಗಿಸುತ್ತದೆ. ಪ್ರಿಮಾಕ್ವಿನ್ ಇಲ್ಲಿಯೂ ಉಂಟು, ಆದರೆ ಒಂದೇ ಒಂದು ಸಲ. ಅದು ಲಿಂಗರೂಪಗಳನ್ನು ಕೊಂದು ಮುಂದಿನ ಸೊಳ್ಳೆಗೆ ಸೋಂಕು ದಾಟದಂತೆ ಮಾಡಲಿಕ್ಕೆ. ಎರಡೂ ಜಾತಿ ಒಟ್ಟಿಗೆ ಇದ್ದರೆ ಫಾಲ್ಸಿಪಾರಂನ ಜೋಡಿ ಔಷಧಿ, ಜೊತೆಗೆ ವೈವ್ಯಾಕ್ಸ್‌ನ ಹದಿನಾಲ್ಕು ದಿನ. ರೋಗಿ ಮಂಪರಿಗೆ ಬಿದ್ದರೆ, ವಾಂತಿಯಿಂದ ಏನೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಮಾತ್ರೆ ಕೊಡುತ್ತ ಕೂರದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಆರ್ಟಿಸುನೇಟ್ ಚುಚ್ಚುಮದ್ದು ಕೊಡುತ್ತಾರೆ.

ಪ್ರಿಮಾಕ್ವಿನ್ ಎಲ್ಲರಿಗೂ ಒಗ್ಗುವುದಿಲ್ಲ. ಕೆಲವರ ಕೆಂಪುಕಣಗಳಲ್ಲಿ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ, ಹೆಚ್ಚಾಗಿ ಗಂಡಸರಲ್ಲಿ. ಅಂಥವರು ಈ ಮಾತ್ರೆ ನುಂಗಿದರೆ ಕಣಗಳು ಒಡೆದು ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಮುಖ ಬಿಳುಚುತ್ತದೆ, ಕಣ್ಣು ಹಳದಿಯಾಗುತ್ತದೆ. ಹಾಗಾದ ಕೂಡಲೇ ಮಾತ್ರೆ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಸಾಧ್ಯವಿದ್ದಲ್ಲಿ ಮೊದಲೇ ಜಿ6ಪಿಡಿ ಪರೀಕ್ಷೆ ಮಾಡಿಸುವುದು ಲೇಸು. ಕೊರತೆ ಇದೆ ಎಂದು ತಿಳಿದವರಿಗೆ ವೈದ್ಯರು ಕಣ್ಣಿಟ್ಟು, ದಿನಾ ಕೊಡುವ ಬದಲು ವಾರಕ್ಕೊಮ್ಮೆಯಂತೆ ಎಂಟು ವಾರ ಕೊಡುವ ಕ್ರಮವಿದೆ. ಬಸುರಿಯರಿಗೆ ಮತ್ತು ಎಳೆಕೂಸುಗಳಿಗೆ ಈ ಮಾತ್ರೆಯೇ ಇಲ್ಲ. ಬಸುರಿಗೆ ವೈವ್ಯಾಕ್ಸ್ ಬಂದರೆ ಕ್ಲೋರೊಕ್ವಿನ್‌ನಿಂದ ಜ್ವರ ಇಳಿಸುತ್ತಾರೆ, ಯಕೃತ್ತಿನಲ್ಲಿ ಉಳಿದದ್ದಕ್ಕೆ ಹೆರಿಗೆಯಾಗುವ ತನಕ ಕಾಯುತ್ತಾರೆ. ಅಷ್ಟರೊಳಗೆ ಮತ್ತೆ ನಡುಕ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕೆಂದು ಆಕೆಗೂ ಮನೆಯವರಿಗೂ ಮೊದಲೇ ಹೇಳಿಟ್ಟಿರಬೇಕು.