ಅರ್ಕಾವತ್ತು ಎಲ್ಲಿಗೆ ಹಾರಿತು?

ಪಿಡಿಎಫ್‌ನಲ್ಲಿ ‘ಸರ್ಕಾರ’ ಎಂದು ಅಚ್ಚುಕಟ್ಟಾಗಿ ಕಾಣುವ ಪದವನ್ನು ಕಾಪಿ ಮಾಡಿ ಇನ್ನೊಂದೆಡೆ ಪೇಸ್ಟ್ ಮಾಡಿದರೆ ಎಷ್ಟೋ ಸಲ ಅದು ‘ಸಕಾರ್ರ’ ಆಗಿರುತ್ತದೆ. ‘ಕರ್ನಾಟಕ’ ಹೋಗಿ ‘ಕನಾರ್ಟಕ’, ‘ವರ್ಷ’ ಹೋಗಿ ‘ವಷರ್’. ‘ಅದಕ್ಕೆ’ಯಂಥ ಸರಳ ಪದವೂ ‘ಅದಕೆ್ಕ’ ಎಂದು ಮುರಿದು ಬೀಳುತ್ತದೆ. ಫೈಲೇ ಕೆಟ್ಟಿದೆ ಎಂದುಕೊಂಡು ಎಲ್ಲವನ್ನೂ ಮತ್ತೆ ಟೈಪ್ ಮಾಡಲು ಕೂರುವವರಿದ್ದಾರೆ. ಆದರೆ ಮೇಲಿನ ಪದಗಳನ್ನು ಎಣಿಸಿ ನೋಡಿ: ಒಂದಕ್ಷರವೂ ಕಳೆದಿಲ್ಲ, ಸಾಲು ತಪ್ಪಿ ನಿಂತಿವೆ ಅಷ್ಟೆ.

ಪುಟ ಎಲ್ಲ ಕಡೆ ಒಂದೇ ಥರ ಕಾಣಲಿ ಎಂದು ಹುಟ್ಟಿದ್ದು ಪಿಡಿಎಫ್. ಫಾಂಟಿನ ಎಷ್ಟನೇ ಆಕೃತಿಯನ್ನು ಪುಟದ ಯಾವ ಜಾಗದಲ್ಲಿ ಇಡಬೇಕು ಎಂಬುದಷ್ಟೇ ಅದಕ್ಕೆ ಮುಖ್ಯ. ಯಾವ ಆಕೃತಿ ಯಾವ ಅಕ್ಷರ ಎಂದು ಹೇಳಲು ToUnicode ಎಂಬ ಪಟ್ಟಿ ಬೇರೆಯೇ ಇರುತ್ತದೆ. ಕಾಪಿ ಮಾಡಿದಾಗ ಬಳಕೆಯಾಗುವುದು ಆ ಪಟ್ಟಿ.

‘ರ್ನಾ’ ಎನ್ನುವಾಗ ನಾಲಗೆಗೆ ಮೊದಲು ಬರುವುದು ರ್, ಆಮೇಲೆ ನಾ. ಯುನಿಕೋಡ್ ಕೂಡ ಉಚ್ಚಾರದ ಈ ಕ್ರಮವನ್ನೇ ಹಿಡಿಯುತ್ತದೆ. ಕೈ ಬರೆಯುವುದು ಮಾತ್ರ ಮೊದಲು ನಾ, ಅದರ ಬಲಕ್ಕೆ ಅರ್ಕಾವತ್ತು. ಪಿಡಿಎಫ್ ಎತ್ತಿಕೊಡುವುದು ಈ ಕಣ್ಣಿನ ಕ್ರಮವನ್ನು: ಕ, ನಾ, ರ್, ಟ, ಕ. ರ್ ಪಕ್ಕದಲ್ಲಿ ಈಗ ಟ ಸಿಕ್ಕಿದ್ದರಿಂದ ಅರ್ಕಾವತ್ತು ಅದರ ಹೆಗಲೇರಿತು. ‘ಕ್ಕೆ’ಯದೂ ಇದೇ ಕಥೆ, ಮೊದಲು ‘ಕೆ’ಯ ಆಕೃತಿ, ನಂತರ ಕೆಳಗಿನ ಒತ್ತು.

‘ಕೆ್ಕ’ಯನ್ನು ಸರಿಪಡಿಸುವುದು ಸುಲಭ. ಕನ್ನಡದಲ್ಲಿ ಸ್ವರಚಿಹ್ನೆಯ ಬೆನ್ನಿಗೇ ವಿರಾಮ ಚಿಹ್ನೆ (್) ಬರುವುದೇ ಇಲ್ಲ. ಬಂದಲ್ಲೆಲ್ಲ ಒತ್ತನ್ನು ಸ್ವರಚಿಹ್ನೆಗಿಂತ ಹಿಂದಕ್ಕೆ ತಂದರಾಯಿತು, ಅನುಮಾನಕ್ಕೆ ಎಡೆಯಿಲ್ಲ.

ಅರ್ಕಾವತ್ತು ಅಷ್ಟು ಸಲೀಸಲ್ಲ. ಅಚ್ಚಗನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ‘ವಷರ್’ ಕಂಡ ಕೂಡಲೇ ಅನುಮಾನ ಬರುತ್ತದೆ. ರ್ ಅನ್ನು ಒಂದಕ್ಷರ ಹಿಂದಕ್ಕೆ ನೆಗೆಸಿದರೆ ‘ವರ್ಷ’ ಸಿಗುತ್ತದೆ. ಇದೇ ಸೂತ್ರವನ್ನು ಕಣ್ಣುಮುಚ್ಚಿ ಓಡಿಸಿದರೆ ಪಾಪ ‘ಡಾಕ್ಟರ್’ ಹೋಗಿ ‘ಡಾರ್ಕ್ಟ’ ಆಗುತ್ತಾರೆ! ಪದಕೋಶದೊಂದಿಗೆ ಹೋಲಿಸಬಹುದು, ಆದರೆ ಊರಿನ ಹೆಸರು, ಮನೆತನದ ಹೆಸರು ಬಂದಾಗ ಅದೂ ಕೈಕೊಡುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಮೂಲ ಪಿಡಿಎಫ್‌ಗೇ ಮರಳುವುದು. ಅಲ್ಲಿ ‘ವರ್ಷ’ದ ಅರ್ಕಾವತ್ತು ಒಂದು ಆಕೃತಿ, ‘ಡಾಕ್ಟರ್’ನ ಕೊನೆಯ ರ್ ಬೇರೆಯೇ ಆಕೃತಿ. ಎರಡನ್ನೂ ‘ರ್’ ಎಂದೇ ಕರೆದು ಗೊಂದಲ ಎಬ್ಬಿಸಿದ್ದು ಆ ಪಟ್ಟಿ. ಅರ್ಕಾವತ್ತಿನ ಆಕೃತಿಗೆ ಬೇರೊಂದು ಗುರುತು ಕೊಟ್ಟು ಪಠ್ಯವನ್ನು ಹೊರತೆಗೆದರೆ, ಆ ಗುರುತಿದ್ದಲ್ಲಿ ಮಾತ್ರ ನೆಗೆಸಬಹುದು. ಪುಟವೇ ಸ್ಕ್ಯಾನ್ ಮಾಡಿದ ಚಿತ್ರವಾಗಿದ್ದರೆ ಈ ಉಪಾಯ ನಡೆಯದು.

ತಮಾಷೆಯೆಂದರೆ, ಹಳೆಯ ನುಡಿ ಫಾಂಟಿನ ಪಿಡಿಎಫ್‌ನಿಂದ ‘ಕರ್ನಾಟಕ’ವನ್ನು ಎತ್ತಿದರೆ `PÀ£ÁðlPÀ` ಎಂಬ ವಿಕಾರ ರೂಪ ಕಾಣುತ್ತದೆ. ಅದರಲ್ಲಿ `ð` ಎಂದರೆ ಅರ್ಕಾವತ್ತು ಮಾತ್ರ. ಪದದ ಕೊನೆಯ ರ್ ಆದರೆ `gï`. ನೋಡಲು ಹೆಚ್ಚು ಕೆಟ್ಟಿರುವ ಈ ಪಠ್ಯವೇ ರಿಪೇರಿಗೆ ಹೆಚ್ಚು ಸುಲಭ.